ನರದ ಗುಳಿಗೆಗೆ ನೋವಿನ ಗುಳಿಗೆ ಜೊತೆಯಾದಾಗ

ನವಲಗುಂದ, ಅಣ್ಣಿಗೇರಿಯ ಎರೆಹೊಲದ ಊರುಗಳಲ್ಲಿ ಐವತ್ತು ದಾಟಿದವರ ಮನೆಗಳಲ್ಲಿ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಬಿದ್ದಿರುತ್ತದೆ. ಅದರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ, ಬಿಪಿ ಗುಳಿಗೆ, ಗ್ಯಾಸಿನ ಗುಳಿಗೆ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಅಂಗಾಲು ಉರಿ, ಕಾಲು ಜೋಮು, ಸೊಂಟದಿಂದ ಕಾಲಿಗಿಳಿಯುವ ಸೆಳೆತ ಎಂದು ಹೇಳಿದವರಿಗೆ ವೈದ್ಯರು ಬರೆದುಕೊಡುವ ಗುಳಿಗೆ ಅದು. ಜನ ಅದನ್ನು 'ನರದ ಗುಳಿಗಿ' ಎನ್ನುತ್ತಾರೆ. ಅದರೊಳಗಿನ ಔಷಧ ಬಹುತೇಕ ಗ್ಯಾಬಪೆಂಟಿನ್ ಇಲ್ಲವೇ ಪ್ರಿಗ್ಯಾಬಲಿನ್.

ಇವೆರಡೂ ಒಂದೇ ಕುಟುಂಬದ ಔಷಧಗಳು. ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 1993ರಲ್ಲಿ ಅನುಮತಿ ಸಿಕ್ಕಿದ್ದು ಮೂರ್ಛೆರೋಗಕ್ಕೆ. ಪ್ರಿಗ್ಯಾಬಲಿನ್ 2004ರಲ್ಲಿ ಬಂತು. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ಬರುವ ಉರಿ, ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ನೋವು, ಬೆನ್ನುಹುರಿಗೆ ಪೆಟ್ಟು ಬಿದ್ದವರ ನರದ ನೋವು, ಇಂಥವುಗಳಿಗೆ ಇವು ನಿಜವಾಗಿಯೂ ಉಪಯುಕ್ತ. ರಾತ್ರಿಯೆಲ್ಲ ಅಂಗಾಲಿಗೆ ತಣ್ಣೀರು ಸುರಿದುಕೊಂಡು ಕೂರುತ್ತಿದ್ದವರು ಈ ಗುಳಿಗೆಯಿಂದ ನಿದ್ದೆ ಕಂಡಿದ್ದಾರೆ. ಆದ್ದರಿಂದ ಈ ಲೇಖನ ಔಷಧದ ವಿರುದ್ಧದ ದೂರಲ್ಲ. ಇದೇ ಗುಳಿಗೆ ಮಂಪರು, ತಲೆಸುತ್ತು ತರುತ್ತದೆ. ಅಫೀಮಿನ ಜಾತಿಯ ನೋವುನಿವಾರಕದ ಜೊತೆ ಬೆರೆತರೆ ಉಸಿರಾಟವನ್ನೇ ಕುಗ್ಗಿಸಬಲ್ಲದು. ಹಾಗೆ ಬೆರೆತದ್ದು ಮನೆಯವರಿಗೆ ಗೊತ್ತಾಗದೇ ಹೋಗುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಹೆಸರಿನ ಹಿಂದೆ ಅಡಗಿದ ಔಷಧ

ನಮ್ಮಲ್ಲಿ ಪ್ರಿಗ್ಯಾಬಲಿನ್ ಒಂಟಿಯಾಗಿ ಬರುವುದು ಕಡಿಮೆ. 75 ಮಿಲಿಗ್ರಾಂ ಪ್ರಿಗ್ಯಾಬಲಿನ್ ಜೊತೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ವಿಟಮಿನ್ ಸೇರಿಸಿದ ಕ್ಯಾಪ್ಸೂಲು ಸಾಮಾನ್ಯ. ಗ್ಯಾಬಪೆಂಟಿನ್ ಕೂಡ ಹೀಗೆಯೇ ಸಿಗುತ್ತದೆ. ನಾರ್ಟ್ರಿಪ್ಟಿಲಿನ್ ಎಂಬ ಇನ್ನೊಂದು ಮಂಪರು ತರಿಸುವ ಔಷಧ ಬೆರೆಸಿದ ಗುಳಿಗೆಗಳೂ ಇವೆ. 'ಇದು ನರಕ್ಕ ಶಕ್ತಿ ಗುಳಿಗಿ, ವಿಟಮಿನ್ ಐತಿ' ಎಂಬ ಮಾತು ಮನೆಯಲ್ಲಿ ಉಳಿಯುತ್ತದೆ. ವಿಟಮಿನ್ ಎಂದ ಮೇಲೆ ಒಂದು ಹೆಚ್ಚಾದರೆ ಏನಾದೀತು ಎಂಬ ಧೈರ್ಯವೂ ಬರುತ್ತದೆ. ಮಂಪರು ತರುವುದು ಆ ವಿಟಮಿನ್ ಅಲ್ಲ, ಅದರ ಜೊತೆಗಿರುವ ಪ್ರಿಗ್ಯಾಬಲಿನ್.

ಅತ್ತ ನೋವಿನ ಗುಳಿಗೆಯ ಕತೆಯೂ ಇದೇ. ಟ್ರಮಡಾಲ್ ಅಫೀಮಿನ ಜಾತಿಗೆ ಸೇರಿದ ಔಷಧ. ಮಿದುಳಿನಲ್ಲಿ ಮಾರ್ಫಿನ್ ಕೂರುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇದನ್ನು ಮಾದಕವಸ್ತು ಕಾಯ್ದೆಯ ಹತೋಟಿಗೆ ತಂದಿತು. ಆದರೆ ಇದು ಹೆಚ್ಚಾಗಿ ಸಿಗುವುದು 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿದ ಗುಳಿಗೆಯಾಗಿ. ಜ್ವರದ ಗುಳಿಗೆಯ ಹೆಸರು ಕೇಳಿದವರಿಗೆ ಅದರೊಳಗಿನ ಇನ್ನೊಂದು ಔಷಧ ಕಾಣುವುದೇ ಇಲ್ಲ. ಟ್ಯಾಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಕ್ಯಾನ್ಸರ್ ರೋಗಿಗಳಿಗೆ ಕೊಡುವ ಮಾರ್ಫಿನ್, ಚರ್ಮಕ್ಕೆ ಅಂಟಿಸುವ ಬ್ಯುಪ್ರೆನಾರ್ಫಿನ್ ಪಟ್ಟಿ, ಇವೆಲ್ಲ ಅದೇ ಜಾತಿ.

ಹೀಗೆ ಒಂದು ಗುಳಿಗೆ ವಿಟಮಿನ್ ಹೆಸರಿನಲ್ಲಿ, ಇನ್ನೊಂದು ಪ್ಯಾರಾಸಿಟಮಾಲ್ ಹೆಸರಿನಲ್ಲಿ ಅದೇ ಪ್ಲಾಸ್ಟಿಕ್ ಚೀಲಕ್ಕೆ ಬಂದು ಸೇರುತ್ತವೆ.

ಒಂದು ರಾತ್ರಿಯ ಲೆಕ್ಕ

ಈ ಬೆರಕೆ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರೊಬ್ಬರ ಕತೆಯೂ ಅಲ್ಲ. ನವಲಗುಂದ ತಾಲ್ಲೂಕಿನ ಯಾವ ಊರಿನಲ್ಲಾದರೂ ನಡೆಯಬಹುದಾದದ್ದು.

68 ವರ್ಷದ ಅಜ್ಜಿ. ತೂಕ 45 ಕಿಲೋ. ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲು ಉರಿಗೆ ಹುಬ್ಬಳ್ಳಿಯ ವೈದ್ಯರು 75 ಮಿಲಿಗ್ರಾಂ ಪ್ರಿಗ್ಯಾಬಲಿನ್ ಇರುವ ಕ್ಯಾಪ್ಸೂಲು ಕೊಟ್ಟರು, ಮೊದಲು ರಾತ್ರಿಗೊಂದು, ಆಮೇಲೆ ದಿನಕ್ಕೆರಡು. ಉರಿ ಇಳಿಯಿತು. ಕಡಲೆ ಸುಗ್ಗಿ ಬಂತು. ಬಗ್ಗಿ ಬಗ್ಗಿ ಕಡಲೆ ಕಿತ್ತು ಸೊಂಟ, ಮಂಡಿ ಹಿಡಿದವು. ಊರಿನ ಹತ್ತಿರದ ದವಾಖಾನೆಗೆ ಹೋದರೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಸಿಕ್ಕಿತು, ಜೊತೆಗೆ ದಿನಕ್ಕೆ ಮೂರು ಸಲ ಟ್ರಮಡಾಲ್–ಪ್ಯಾರಾಸಿಟಮಾಲ್ ಗುಳಿಗೆ. ಹುಬ್ಬಳ್ಳಿಯ ಚೀಟಿ ಮನೆಯಲ್ಲಿತ್ತು. ಇವರು ತೋರಿಸಲಿಲ್ಲ, ಅವರು ಕೇಳಲಿಲ್ಲ.

ಈಗ ಮೂತ್ರಪಿಂಡದ ಮಾತು. ಬಹಳಷ್ಟು ಔಷಧಗಳನ್ನು ಯಕೃತ್ತು ಒಡೆದು ಹಾಕುತ್ತದೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಹಾಗಲ್ಲ. ಅವು ಇದ್ದ ಹಾಗೆಯೇ ಮೂತ್ರದಲ್ಲಿ ಹೊರಬೀಳಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಂತರಲ್ಲಿ ಆರು ಗಂಟೆಗೆ ಅರ್ಧದಷ್ಟು ಪ್ರಿಗ್ಯಾಬಲಿನ್ ಹೊರಹೋಗುತ್ತದೆ. ಮೂತ್ರಪಿಂಡ ಸೋತಿದ್ದರೆ ನಿನ್ನೆಯದು ಹೋಗುವ ಮೊದಲೇ ಇಂದಿನದು ಬಂದು ಸೇರುತ್ತದೆ.

ಅಜ್ಜಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1 ಎಂದಿದೆ. ಲ್ಯಾಬಿನ ಕಾಗದದಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಆದರೆ ವೈದ್ಯರು ಬಳಸುವ ಸೂತ್ರದಲ್ಲಿ ಇಟ್ಟು ನೋಡಿ. 140ರಿಂದ ವಯಸ್ಸು 68 ಕಳೆದರೆ 72. ಅದನ್ನು ತೂಕ 45ರಿಂದ ಗುಣಿಸಬೇಕು. ಬಂದದ್ದನ್ನು 72 ಮತ್ತು ಕ್ರಿಯಾಟಿನಿನ್ 1.1ರ ಗುಣಲಬ್ಧದಿಂದ ಭಾಗಿಸಬೇಕು. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. ಉತ್ತರ ಸುಮಾರು 35. ಅಂದರೆ ಅಜ್ಜಿಯ ಮೂತ್ರಪಿಂಡ ನಿಮಿಷಕ್ಕೆ ಸುಮಾರು 35 ಮಿಲಿಲೀಟರ್ ರಕ್ತದ್ರವವನ್ನಷ್ಟೇ ಶುದ್ಧ ಮಾಡುತ್ತಿದೆ. ಈ ಅಂಕಿ 30ರಿಂದ 60ರೊಳಗಿದ್ದರೆ ಪ್ರಿಗ್ಯಾಬಲಿನ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು ಎನ್ನುತ್ತದೆ ಔಷಧದ ಅಧಿಕೃತ ಸೂಚನೆ. ಹೀಗಾಗಿ ಅಜ್ಜಿ ನುಂಗುತ್ತಿರುವ ದಿನದ 150 ಮಿಲಿಗ್ರಾಂ ಅವರ ದೇಹಕ್ಕೆ 300ರಂತೆ ತಾಗುತ್ತಿದೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗುತ್ತದೆ. ಹಾಗಾಗಿ ಬಡಕಲು ಮೈಯ ವೃದ್ಧರಲ್ಲಿ ಆ ಒಂದು ಅಂಕಿಯನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ.

ಇದರ ಮೇಲೆ ಸುಗ್ಗಿಯ ಬಿಸಿಲು. ಹೊಲದಲ್ಲಿ ನೀರು ಕುಡಿಯುವುದು ಕಡಿಮೆ, ಬೆವರು ಹೆಚ್ಚು. ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತದ ಹರಿವನ್ನು ಕುಗ್ಗಿಸುತ್ತದೆ. 35 ಇದ್ದದ್ದು ಕೆಲವು ದಿನಗಳ ಮಟ್ಟಿಗೆ ಇನ್ನೂ ಕೆಳಗೆ ಇಳಿಯಬಹುದು. ಗುಳಿಗೆಯ ಸಂಖ್ಯೆ ಬದಲಾಗದೆಯೂ ರಕ್ತದಲ್ಲಿ ಔಷಧ ಏರುವುದು ಹೀಗೆ.

ರಾತ್ರಿ ಒಂಬತ್ತಕ್ಕೆ ರೊಟ್ಟಿ ಉಂಡು ಅಜ್ಜಿ ಎರಡೂ ಗುಳಿಗೆ ನುಂಗುತ್ತಾರೆ. ಊಟದ ಜೊತೆ ತೆಗೆದುಕೊಂಡ ಪ್ರಿಗ್ಯಾಬಲಿನ್ ಸುಮಾರು ಮೂರು ಗಂಟೆಗೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಟ್ರಮಡಾಲ್ ಎರಡರಿಂದ ಮೂರು ಗಂಟೆಗೆ. ಅಂದರೆ ನಡುರಾತ್ರಿಯ ಹೊತ್ತಿಗೆ, ಮನೆಯವರೆಲ್ಲ ಮಲಗಿರುವಾಗ, ಎರಡೂ ಔಷಧಗಳು ತಮ್ಮ ಪೂರ್ಣ ಬಲದಲ್ಲಿರುತ್ತವೆ.

ಮೊದಲು ತಲೆಸುತ್ತು, ಆಮೇಲೆ ಉಸಿರು

ನರದ ಗುಳಿಗೆ ಕೆಲಸ ಮಾಡುವುದು ನರಕೋಶದ ತುದಿಯಲ್ಲಿರುವ ಕ್ಯಾಲ್ಸಿಯಂ ದ್ವಾರಗಳ ಮೇಲೆ. ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ನರ ತನ್ನ ಸಂದೇಶದ ರಾಸಾಯನಿಕವನ್ನು ಮುಂದಿನ ನರಕ್ಕೆ ಬಿಡುತ್ತದೆ. ಮಲಪ್ರಭಾ ಕಾಲುವೆಯ ಗೇಟು ಒಂದಿಷ್ಟು ಇಳಿಸಿದರೆ ಕೆಳಗಿನ ಹೊಲಗಳಿಗೆ ಹೋಗುವ ನೀರು ಕಡಿಮೆಯಾಗುವ ಹಾಗೆ, ಪ್ರಿಗ್ಯಾಬಲಿನ್ ಆ ದ್ವಾರಕ್ಕೆ ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಆದರೆ ಅದು ನೋವಿನ ನರವನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಎಚ್ಚರ, ಸಮತೋಲನ, ದೃಷ್ಟಿ ಕಾಯುವ ನರಗಳೂ ಮಂದವಾಗುತ್ತವೆ.

ಅದಕ್ಕೇ ತಲೆಸುತ್ತು ಇಲ್ಲಿ ಅಪರೂಪದ ಅಡ್ಡಪರಿಣಾಮವಲ್ಲ. ಪ್ರಿಗ್ಯಾಬಲಿನ್‌ನ ಪ್ರಯೋಗಗಳಲ್ಲಿ ಅದನ್ನು ತೆಗೆದುಕೊಂಡ ನೂರು ಮಂದಿಯಲ್ಲಿ ಸುಮಾರು 30 ಮಂದಿಗೆ ತಲೆಸುತ್ತು ಬಂತು. ಔಷಧವಿಲ್ಲದ ಹುಸಿಗುಳಿಗೆ ತೆಗೆದುಕೊಂಡವರಲ್ಲಿ 8 ಮಂದಿಗೆ. ಮಂಪರು 23 ಮಂದಿಗೆ. ಹುಸಿಗುಳಿಗೆಯವರಲ್ಲಿ 8 ಮಂದಿಗೆ. ಹೆಚ್ಚಿನವರಿಗೆ ಇದು ಶುರುವಿನ ದಿನಗಳಲ್ಲಿ ಬಂದು ಕೆಲವು ವಾರಗಳಲ್ಲಿ ತಗ್ಗುತ್ತದೆ. ಪ್ರಮಾಣ ಏರಿಸಿದಾಗ ಮತ್ತೆ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದನ್ನು ಯಾರೂ ಗುಳಿಗೆಗೆ ಜೋಡಿಸುವುದಿಲ್ಲ. 'ತಲಿ ತಿರಗಾಕತ್ತೈತಿ' ಎಂದರೆ ಪಿತ್ತ ಎನ್ನುತ್ತಾರೆ, ಇಲ್ಲವೇ ಬಿಪಿ ಇಳಿದಿದೆ ಎನ್ನುತ್ತಾರೆ. ಲಿಂಬು ಶರಬತ್ತು ಕುಡಿಸುತ್ತಾರೆ. ಗುರುತಿಸಲು ಒಂದು ಸುಲಭ ದಾರಿಯಿದೆ. ಹೊಸ ಗುಳಿಗೆ ಶುರುವಾದ ಅಥವಾ ಪ್ರಮಾಣ ಏರಿದ ನಂತರದ ದಿನಗಳಲ್ಲಿ ಬಂದ ತಲೆಸುತ್ತು, ಗುಳಿಗೆ ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಹೆಚ್ಚಾಗುವ ತಲೆಸುತ್ತು, ಜೊತೆಗೆ ಮಾತು ತೊದಲುವುದು, ಕಣ್ಣು ಮಂಜಾಗುವುದು, ಕುಡಿದವರಂತೆ ಹೆಜ್ಜೆ ತಪ್ಪುವುದು ಇದ್ದರೆ ಮೊದಲ ಅನುಮಾನ ಗುಳಿಗೆಯ ಮೇಲೆ ಇರಬೇಕು. ಸಕ್ಕರೆ ಕಾಯಿಲೆಯವರಾದರೆ ತಕ್ಷಣ ರಕ್ತದ ಸಕ್ಕರೆಯನ್ನೂ ನೋಡಬೇಕು, ಏಕೆಂದರೆ ಸಕ್ಕರೆ ಇಳಿದಾಗಲೂ ಇದೇ ಲಕ್ಷಣಗಳು ಕಾಣುತ್ತವೆ.

ಈ ತಲೆಸುತ್ತಿನ ಮೊದಲ ಬೆಲೆ ಮುರಿದ ಮೂಳೆ. ರಾತ್ರಿ ಮೂತ್ರಕ್ಕೆಂದು ಎದ್ದು, ಹಿತ್ತಲ ಕತ್ತಲಲ್ಲಿ ಕಟ್ಟೆ ಇಳಿಯುವಾಗ ಬಿದ್ದು ತೊಡೆಯ ಚಪ್ಪೆ ಮುರಿದುಕೊಂಡ ವೃದ್ಧೆಗೆ ಮತ್ತೆ ಹೊಲದ ಕೆಲಸ ಕಷ್ಟ. ಕಲಘಟಗಿಯ ಭತ್ತದ ಗದ್ದೆಯ ಬದುವಿನ ಮೇಲೆ, ಕುಂದಗೋಳದ ಮೆಣಸಿನಕಾಯಿ ಹೊತ್ತ ಟ್ರ್ಯಾಕ್ಟರಿನ ಸ್ಟೇರಿಂಗ್ ಮುಂದೆ ಕೂತವನಿಗೂ ಇದೇ ಅಪಾಯ.

ಉಸಿರಿನ ಮಾತು ಇದಕ್ಕಿಂತ ಗಂಭೀರ. ನಾವು ಮಲಗಿದಾಗಲೂ ಉಸಿರಾಡುವುದು ಮಿದುಳಿನ ಬುಡದಲ್ಲಿರುವ ಒಂದು ಕೇಂದ್ರದಿಂದ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದ ತಕ್ಷಣ ಅದು ಉಸಿರನ್ನು ಜೋರು ಮಾಡುತ್ತದೆ. ಅಫೀಮಿನ ಜಾತಿಯ ಔಷಧ ಆ ಕೇಂದ್ರದ ಸೂಕ್ಷ್ಮತೆಯನ್ನು ಕಡಿಮೆ ಮಾಡುತ್ತದೆ. ಪ್ರಿಗ್ಯಾಬಲಿನ್ ಅದು ತರುವ ಮಂಪರನ್ನು ಆಳ ಮಾಡುತ್ತದೆ. ಉಸಿರು ಕಟ್ಟಿದಾಗ ಮನುಷ್ಯ ಬೆಚ್ಚಿ ಎಚ್ಚರಾಗಬೇಕು. ಆ ಎಚ್ಚರವೇ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಅಫೀಮಿನ ಜಾತಿಯ ಔಷಧ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಆಗ ಗ್ಯಾಬಪೆಂಟಿನ್ ಕರುಳಲ್ಲಿ ಹೆಚ್ಚು ಹೊತ್ತು ಉಳಿದು ಹೆಚ್ಚು ಹೀರಿಕೆಯಾಗುತ್ತದೆ. ಮಾರ್ಫಿನ್ ಮೊದಲೇ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ರಕ್ತಕ್ಕೆ ಸೇರಿದ ಗ್ಯಾಬಪೆಂಟಿನ್ ಶೇ 44ರಷ್ಟು ಹೆಚ್ಚಿತ್ತು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅಫೀಮಿನ ಜಾತಿಯ ನೋವುನಿವಾರಕ ಪಡೆಯುತ್ತಿದ್ದವರ 1997ರಿಂದ 2013ರವರೆಗಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಜೊತೆಗೆ ಗ್ಯಾಬಪೆಂಟಿನ್ ಕೂಡ ಪಡೆದವರಲ್ಲಿ ಆ ನೋವುನಿವಾರಕದಿಂದ ಸಾವು ಸಂಭವಿಸುವ ಸಾಧ್ಯತೆ ಸುಮಾರು ಶೇ 49ರಷ್ಟು ಹೆಚ್ಚಿತ್ತು. ಮರುವರ್ಷ ಅದೇ ತಂಡ ಪ್ರಿಗ್ಯಾಬಲಿನ್ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಇದು ಶೇ 68. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡೂ ಔಷಧಗಳಿಗೆ ಉಸಿರಾಟದ ಎಚ್ಚರಿಕೆ ಸೇರಿಸಲು ಆದೇಶಿಸಿತು. ಅದರ ಮುಂದಿದ್ದ 49 ಪ್ರಕರಣಗಳಲ್ಲಿ 12 ಮಂದಿ ಸತ್ತಿದ್ದರು. ಸತ್ತ ಎಲ್ಲರಿಗೂ ಉಸಿರಾಟಕ್ಕೆ ತೊಡಕಾಗುವ ಕನಿಷ್ಠ ಒಂದು ಕಾರಣವಿತ್ತು. ಆ ಸಂಸ್ಥೆ ಪಟ್ಟಿ ಮಾಡಿದ ಕಾರಣಗಳು ಇವು: ಅಫೀಮಿನ ಜಾತಿಯ ಔಷಧ, ಮಂಪರು ತರುವ ಇತರ ಔಷಧ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇಳಿವಯಸ್ಸು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ, ಬೀಡಿ ಸೇದಿದ ನಮ್ಮ ಹಿರಿಯರಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುತ್ತವೆ. ಸಾರಾಯಿಯೂ ನಿದ್ದೆ ಗುಳಿಗೆಯೂ ಇದೇ ಲೆಕ್ಕಕ್ಕೆ ಸೇರುತ್ತವೆ.

ನಿದ್ದೆಯೋ, ಅಪಾಯವೋ

'ಭಾಳ ದಿನದ ಮ್ಯಾಲ ಚಲೋ ನಿದ್ದಿ ಹತ್ತೈತಿ, ಎಬ್ಬಸಬ್ಯಾಡ್ರಿ.' ಪ್ರೀತಿಯಿಂದ ಹೇಳುವ ಈ ಮಾತು ಇಲ್ಲಿ ಅಪಾಯಕಾರಿ. ಸಹಜ ನಿದ್ದೆಯಲ್ಲಿರುವವರು ಹೆಸರು ಹಿಡಿದು ಕರೆದು ಭುಜ ಅಲುಗಿಸಿದರೆ ಕಣ್ಣು ಬಿಡುತ್ತಾರೆ, ಒಂದು ಮಾತಾದರೂ ಆಡುತ್ತಾರೆ. ಜೋರಾಗಿ ಕರೆದರೂ ಎಚ್ಚರಾಗದಿದ್ದರೆ, ಎದ್ದಂತೆ ಮಾಡಿ ಮಾತಿನ ನಡುವೆಯೇ ಮತ್ತೆ ಜಾರಿದರೆ ಅದು ನಿದ್ದೆಯಲ್ಲ. ಆಗ ಎದೆಯ ಏರಿಳಿತವನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ಹನ್ನೆರಡಕ್ಕಿಂತ ಕಡಿಮೆಯಾದರೆ ಎಚ್ಚರಿಕೆ, ಹತ್ತರ ಕೆಳಗೆ ಹೋದರೆ ತುರ್ತು. ಗಂಟಲಲ್ಲಿ ಗೊರಗೊರ ಸದ್ದು, ಉಸಿರಿನ ನಡುವೆ ದೀರ್ಘ ಬಿಡುವು, ತುಟಿ ಮತ್ತು ಉಗುರು ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು.

108ಕ್ಕೆ ಕರೆ ಮಾಡಿ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟದಂತೆ ಗದ್ದ ಸ್ವಲ್ಪ ಮೇಲಕ್ಕೆತ್ತಿ. ಬಾಯಿಗೆ ನೀರು, ಚಹಾ, ಮಜ್ಜಿಗೆ ಏನನ್ನೂ ಹಾಕಬೇಡಿ. ಎಚ್ಚರವಿಲ್ಲದವರಿಗೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಬಿಡದೆ ಕರೆಯುತ್ತ, ಅಲುಗಿಸುತ್ತ ಇರಿ. ಉಸಿರು ನಿಂತೇಹೋದರೆ ಕಲಿತವರು ಬಾಯಿಂದ ಉಸಿರು ಕೊಡಬೇಕು, ಎದೆ ಒತ್ತಬೇಕು. ಗೋಡೆಯ ಮೇಲಿನ ಆ ಪ್ಲಾಸ್ಟಿಕ್ ಚೀಲವನ್ನು ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಅದರಷ್ಟು ಬೆಲೆಬಾಳುವ ಸಾಕ್ಷಿ ಬೇರೆಯಿಲ್ಲ. ಅಫೀಮಿನ ಜಾತಿಯ ಔಷಧದ ಪರಿಣಾಮವನ್ನು ತಿರುಗಿಸುವ ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ. ಪ್ರಿಗ್ಯಾಬಲಿನ್‌ಗೆ ಅಂಥ ಪ್ರತ್ಯೌಷಧವಿಲ್ಲ. ಹೀಗಾಗಿ ಎರಡೂ ಬೆರೆತಾಗ ಒಂದು ಇಂಜೆಕ್ಷನ್‌ಗೆ ಪೂರ್ತಿ ಎಚ್ಚರ ಬಾರದಿರಬಹುದು. ಮೂತ್ರಪಿಂಡ ಆ ಔಷಧವನ್ನು ಹೊರಹಾಕುವವರೆಗೆ ಉಸಿರಾಟವನ್ನು ಕಾಯುವುದೇ ಚಿಕಿತ್ಸೆ. ಮೂತ್ರಪಿಂಡ ಪೂರ್ತಿ ಸೋತವರಿಗೆ ಡಯಾಲಿಸಿಸ್ ನೆರವಾಗುತ್ತದೆ.

ಕೇಳಬೇಕಾದ ಪ್ರಶ್ನೆ

ಈ ಎರಡು ಔಷಧ ಎಂದೂ ಒಟ್ಟಿಗೆ ಕೊಡಬಾರದು ಎಂದಲ್ಲ. ಕ್ಯಾನ್ಸರಿನ ನರದ ನೋವಿಗೆ, ಬೇರೆ ದಾರಿ ಕಾಣದಾಗ ವೈದ್ಯರು ಎರಡನ್ನೂ ಬೇಕೆಂದೇ ಕೊಡುತ್ತಾರೆ. ಆಗ ಅತಿ ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ, ಒಂದು ಸಲಕ್ಕೆ ಒಂದನ್ನೇ ಏರಿಸುತ್ತಾರೆ, ಮನೆಯವರಿಗೆ ಲಕ್ಷಣಗಳನ್ನು ಹೇಳಿಕೊಡುತ್ತಾರೆ. ಗೊತ್ತಿದ್ದು ಬೆರೆಸುವುದಕ್ಕೂ ಗೊತ್ತಿಲ್ಲದೆ ಬೆರೆಯುವುದಕ್ಕೂ ಇರುವ ಅಂತರ ಇದೇ.

ಎಷ್ಟೋ ಸಲ ನರದ ಗುಳಿಗೆಯ ಅಗತ್ಯವೇ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಪ್ರಿಗ್ಯಾಬಲಿನ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. 209 ರೋಗಿಗಳಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ಉಪಶಮನ ಕಾಣಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಹೊಲದ ದುಡಿಮೆಯ ಸೊಂಟನೋವಿಗೆ 'ನರದ ಗುಳಿಗಿ ಕೊಡ್ರಿ' ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯುವವರು, ಚೀಟಿ ನೋಡದೆ ಕೊಡುವವರು ಇಬ್ಬರೂ ಇದನ್ನು ತಿಳಿಯಬೇಕು.

ಇಷ್ಟು ಓದಿ ಯಾರೂ ಗುಳಿಗೆಯನ್ನು ಒಮ್ಮೆಲೇ ಬಿಡಬೇಡಿ. ದಿನವೂ ತೆಗೆದುಕೊಳ್ಳುತ್ತಿದ್ದ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ಕಳವಳ ಬರುತ್ತವೆ. ಮೂರ್ಛೆರೋಗ ಇರುವವರಿಗೆ ಫಿಟ್ಸ್ ಬರಬಹುದು. ಕನಿಷ್ಠ ಒಂದು ವಾರದ ಅವಧಿಯಲ್ಲಿ, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ಆದರೆ ರಾತ್ರಿ ವಿಪರೀತ ಮಂಪರಿದ್ದರೆ ಮುಂದಿನ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕೇಳಿ.

ಈ ವಾರ ನಿಮ್ಮ ಮನೆಯ ಹಿರಿಯರ ಗುಳಿಗೆ ಚೀಲವನ್ನು ಒಮ್ಮೆ ಕೆಳಗಿಳಿಸಿ. ಎಲ್ಲ ಸ್ಟ್ರಿಪ್‌ಗಳ ಹಿಂಬದಿಯ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ದವಾಖಾನೆಗೆ ಹೋದರೂ, ಯಾವ ಅಂಗಡಿಯ ಮುಂದೆ ನಿಂತರೂ ಅದನ್ನು ತೋರಿಸಿ ಕೇಳಿ: 'ಇದರಾಗ ಪ್ರಿಗ್ಯಾಬಲಿನ್ ಐತೇನ್ರಿ, ಅದರಾಗ ಟ್ರಮಡಾಲ್ ಐತೇನ್ರಿ, ಎರಡೂ ಕೂಡಿ ತಗೋಬಹುದೇನ್ರಿ? ನಮ್ಮವ್ವನ ವಯಸ್ಸು, ತೂಕ, ಕ್ರಿಯಾಟಿನಿನ್ ಇಷ್ಟೈತಿ.' ವೈದ್ಯರು ಉತ್ತರ ಕೊಡುವವರೆಗೆ ಹೊಸದಾಗಿ ಬಂದ ಗುಳಿಗೆಯನ್ನು ಹಳೆಯದರ ಜೊತೆ ಒಂದೇ ರಾತ್ರಿ ಕೊಡಬೇಡಿ.